ಸಕ್ಕರೆ ಹಾಕದ ಸಿಹಿ

ಬೇರಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬೇರು, ತೊಗಟೆ, ಒಣಗಿದ ಎಲೆ, ಪುಡಿ ಮಾರುವ ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂತೂ ಕೂತೂ ಅಸಲಿ ಹೆಸರು ಎಲ್ಲೋ ಗೋಣಿಚೀಲಗಳ ಸಂದಿಯಲ್ಲಿ ಕಳೆದುಹೋಗಿ, ಬೀದಿಯವರ ಬಾಯಲ್ಲಿ ಇದೊಂದು ಉಳಿದುಕೊಂಡಿತ್ತು. ಅವಳಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಒಳಗೊಳಗೇ ಜಂಬವೇ ಇತ್ತು.

ಜಂಬ ಪಡುವುದಕ್ಕೆ ಕಾರಣವೂ ಇತ್ತೆನ್ನಿ. ಬಸುರಿಯರ ವಿಷಯದಲ್ಲಿ ಅವಳು ಬಲು ಕಟ್ಟುನಿಟ್ಟು. ಹೊಟ್ಟೆ ಮುಂದಕ್ಕೆ ಬಂದ ಹೆಂಗಸು ಮಲಬದ್ಧತೆಗೆಂದು ಲೋಳೆಸರದ ರಸ ಒಣಗಿಸಿದ ಕಪ್ಪು ಗಟ್ಟಿ ಕೇಳಿದರೆ, "ನಿನಗೆ ಕೊಡಲ್ಲ, ನಿನ್ನ ಗಂಡನ್ನ ಕಳಿಸಿದ್ರೂ ಕೊಡಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದಳು. ಬೇಗ ಹೆರಿಗೆಯಾಗಲಿ ಎಂದು ಹರಳೆಣ್ಣೆ ಕೊಳ್ಳಲು ಬಂದವರನ್ನು ಬೈದು ಅಟ್ಟಿದ್ದೂ ಉಂಟು. ಹೀಗೆ ಊರ ಸೊಸೆಯರನ್ನೆಲ್ಲ ಕಾದವಳು ಈಗ ತನ್ನ ಸ್ವಂತ ಸೊಸೆಯ ಮಂಚದ ಪಕ್ಕ, ಹೆರಿಗೆ ಆಸ್ಪತ್ರೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ತಲೆಬುಡ ಅರ್ಥವಾಗದೆ ಕೂತಿದ್ದಳು.

ಸೊಸೆಗೆ ಬಿ.ಪಿ. ಏರಿತ್ತು. ಏರಿದ್ದು ಇಳಿಯುತ್ತಿರಲಿಲ್ಲ.

"ನೋಡಿ ಅಮ್ಮಾ," ಎಂದರು ಡಾಕ್ಟರಮ್ಮ. ಶೀತ ಹಿಡಿದು ಅವರ ಗಂಟಲು ಪೂರ್ತಿ ಕಟ್ಟಿಹೋಗಿತ್ತು, ಅರ್ಧ ಮಾತು ಗಾಳಿಯಾಗಿಯೇ ಹೊರಬರುತ್ತಿತ್ತು. "ಎರಡು ಥರದ ಮಾತ್ರೆ ಕೊಟ್ಟಿದೀವಿ, ಡೋಸೂ ಜಾಸ್ತಿ ಮಾಡಿದೀವಿ. ಬಗ್ಗುತ್ತಾ ಇಲ್ಲ. ನಾಳೆ ಬೆಳಗ್ಗೆವರೆಗೂ ನೋಡ್ತೀನಿ. ಆಗಲೂ ಹಿಂಗೇ ಇದ್ರೆ ಮಗೂನ ಹೊರಗೆ ತೆಗೀಲೇಬೇಕಾಗುತ್ತೆ."

"ಹೊರಗೆ ಅಂದ್ರೆ? ಈಗಿನ್ನೂ ಏಳು ತುಂಬಿದೆ ಅಷ್ಟೇ ಡಾಕ್ಟರಮ್ಮ!"

"ಗೊತ್ತು. ಅದಕ್ಕೇ ಶ್ವಾಸಕೋಶ ಸ್ವಲ್ಪ ಬಲಿಯಲಿ ಅಂತ ಇಂಜೆಕ್ಷನ್ ಕೊಟ್ಟಿದೀವಿ. ಹುಟ್ಟಿದ್ಮೇಲೆ ಗಾಜಿನ ಪೆಟ್ಟಿಗೇಲಿ ಇಡಬೇಕಾಗುತ್ತೆ. ಉಳಿಯೋ ಸಾಧ್ಯತೆ ಚೆನ್ನಾಗೇ ಇದೆ. ಆದ್ರೆ ಇನ್ನೊಂದು ತಿಂಗಳು ಒಳಗಿದ್ರೆ ಇನ್ನೂ ಎಷ್ಟೋ ಚೆನ್ನಾಗಿರುತ್ತೆ."

ಏಳು ತಿಂಗಳ ಮಗು ಎಷ್ಟಿರುತ್ತದೆ ಎಂದು ಬೇರಮ್ಮ ಕೈಯಲ್ಲೇ ಅಳೆದು ನೋಡಿಕೊಂಡಳು, ಅಂಗೈಯಿಂದ ಮೊಣಕೈವರೆಗೆ. ಅಷ್ಟು ಸಣ್ಣದಕ್ಕೆ ಯಾರು ಬಟ್ಟೆ ಹೊಲಿಯುತ್ತಾರೆ ಎಂಬ ಅಸಂಬದ್ಧ ಯೋಚನೆಯೊಂದು ಬಂದು ಹೋಯಿತು.

ಡಾಕ್ಟರಮ್ಮ ಮಾತ್ರ ಹೊರಡಲಿಲ್ಲ. ಕೈಯಲ್ಲಿದ್ದ ರಿಪೋರ್ಟನ್ನು ತಿರುವಿ ಹಾಕುತ್ತ ಹುಬ್ಬು ಗಂಟಿಕ್ಕಿದರು. ಅವರಿಗೂ ಏನೋ ಕೂಡಿಬರುತ್ತಿರಲಿಲ್ಲ.

"ಬಸುರೀಲಿ ಈ ಥರ ಬಿ.ಪಿ. ಏರಿದ್ರೆ ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಬರುತ್ತೆ. ಇವರಿಗೆ ಬಂದಿಲ್ಲ. ಲಿವರ್ ಚೆನ್ನಾಗಿದೆ. ಅದರ ಬದಲು ರಕ್ತದಲ್ಲಿ ಪೊಟ್ಯಾಸಿಯಂ ಪಾತಾಳಕ್ಕೆ ಹೋಗಿದೆ. ಸಿರಪ್ ಕೊಟ್ರೂ ಮೇಲೆ ಬರ್ತಿಲ್ಲ. ವಾಂತಿ ಇಲ್ಲ, ಭೇದಿ ಇಲ್ಲ. ಮತ್ತೆ ಎಲ್ಲಿಗೆ ಸೋರಿಹೋಗ್ತಿದೆ ಅದು?" ಸೊಸೆಯ ಕಡೆ ತಿರುಗಿ ಮತ್ತೊಮ್ಮೆ ಕೇಳಿದರು, "ನಾವು ಕೊಟ್ಟಿದ್ದು ಬಿಟ್ಟು ಬೇರೆ ಔಷಧಿ ಏನಾದ್ರೂ ತಗೊಳ್ತಿದೀರಾ?"

"ಇಲ್ಲ ಡಾಕ್ಟ್ರೇ," ಎಂದಳು ಸೊಸೆ.

"ಒಂದು ತಲೆನೋವಿನ ಮಾತ್ರೇನೂ ಇಲ್ಲ," ಎಂದು ಬೇರಮ್ಮ ಸೇರಿಸಿದಳು. "ನಾನೇ ಬಿಡಲ್ಲ. ಬಸುರಿ ಹೊಟ್ಟೆಗೆ ಕೆಮಿಕಲ್ ಹಾಕೋದಾ?"

ಇಬ್ಬರೂ ಸುಳ್ಳು ಹೇಳಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಆ ಹೆಂಗಸರ ಮೇಲೆ ಕಣ್ಣು ಕೆಂಪಗೆ ಮಾಡಬಾರದು. ಕೇಳಿದ ಪ್ರಶ್ನೆಗೆ ಅವರು ನಿಜವಾದ ಉತ್ತರವನ್ನೇ ಕೊಟ್ಟರು. ಆ ಮನೆಯಲ್ಲಿ ಔಷಧಿ ಎಂದರೆ ಚೀಟಿಯಲ್ಲಿ ಬರೆದುಕೊಡುವುದು, ತಗಡಿನ ಹಾಳೆಯಿಂದ ಪಟ್ಟೆಂದು ಒಡೆದು ತೆಗೆಯುವುದು, ನುಂಗಿದರೆ ಬಾಯಿ ಕಹಿಯಾಗುವುದು. ಉಳಿದದ್ದೆಲ್ಲ ಬರೀ ಮನೆಯ ಸಾಮಾನು.

ಸೊಸೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ದಿನವಿಡೀ ಕೂಗಿ ಹೇಳುವುದೇ ಅವಳ ಕೆಲಸ. ದನಿ ಹೋದರೆ ಅನ್ನವೇ ಹೋದಂತೆ. ಐದನೇ ತಿಂಗಳಲ್ಲಿ ಎದೆಯುರಿ ಶುರುವಾಯಿತು. ಹುಳಿ ಮೇಲಕ್ಕೆ ಬಂದು ಗಂಟಲು ಕೆರೆದು, ಒಂದು ದಿನ ಮೈಕಿನಲ್ಲಿ ಅವಳ ದನಿ ಮುರಿದ ಬಾಗಿಲಿನ ಹಾಗೆ ಕಿರ್ರೆಂದಿತು. ಆಸ್ಪತ್ರೆಯಲ್ಲಿ ಎದೆಯುರಿಗೆ ಮಾತ್ರೆ ಬರೆದುಕೊಟ್ಟರು. ಬೇರಮ್ಮ ಅದನ್ನು ಕಪಾಟಿನ ಮೇಲೆ ಕೈಗೆ ಸಿಗದ ಹಾಗೆ ಎತ್ತಿಟ್ಟು, ಅಂಗಡಿಯ ಚೀಲದಿಂದ ಜ್ಯೇಷ್ಠಮಧುವಿನ ಬೇರು ತಂದಳು.

ಹಳದಿ ತಿರುಳಿನ, ಕಡ್ಡಿಯಂಥ ಬೇರು. ಗಂಟಲಿಗೆ ಹಿತ, ಹೊಟ್ಟೆಗೆ ತಂಪು, ಬಾಯಿಗೆ ಸಿಹಿ. ಹಾಡುವವರು ಅಗಿಯುತ್ತಾರೆ, ಕೆಮ್ಮುವ ಮಕ್ಕಳಿಗೆ ತೇಯ್ದು ನೆಕ್ಕಿಸುತ್ತಾರೆ. ಬೇರಮ್ಮನೂ ತನ್ನ ಬಸುರಿನಲ್ಲಿ ಕುಡಿದಿದ್ದಳು, ಅವಳ ಅಮ್ಮ ಕುದಿಸಿಕೊಟ್ಟದ್ದು. ಇಂಥದ್ದಕ್ಕೆ ಹೆದರುವುದು ಅವಳ ಕನಸಿಗೂ ಬರುವ ಮಾತಲ್ಲ.

ಒಂದು ವಾರದಲ್ಲಿ ದನಿ ತಿಳಿಯಾಯಿತು. ಬೇರಮ್ಮ ನೆಲ ಬಿಟ್ಟು ಒಂದು ಗೇಣು ಮೇಲೆ ನಡೆದಳು. ಬೆಳಗ್ಗೆ ಲೋಟ, ಸಂಜೆ ಲೋಟ, ಕೆಲಸಕ್ಕೆ ಹೋಗುವಾಗ ಅಗಿಯಲು ಪರ್ಸಿನಲ್ಲಿ ನಾಲ್ಕು ತುಂಡು. ಎಂಟನೇ ತಿಂಗಳು ಹತ್ತಿರವಾಗುತ್ತ ಕಾಲು ಊದಿಕೊಂಡಾಗ, "ಮೈಗೆ ಉಷ್ಣ ಏರಿದೆ, ಇನ್ನೂ ಸ್ವಲ್ಪ ತಂಪು ಬೇಕು" ಎಂದು ತೀರ್ಮಾನಿಸಿ ಬೇರನ್ನು ಇನ್ನಷ್ಟು ಹಾಕಿ ಕುದಿಸಿದಳು. ಕಾಲು ಮತ್ತೂ ಊದಿತು. ಮೆಟ್ಟಿಲು ಹತ್ತಿದರೆ ಸೊಸೆಗೆ ತೊಡೆ ನಡುಗುತ್ತಿತ್ತು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. "ಬಸುರಿ ಅಂದ್ಮೇಲೆ ಇದೆಲ್ಲ ಇದ್ದಿದ್ದೇ" ಎಂದು ಇಬ್ಬರೂ ಒಪ್ಪಿಕೊಂಡರು. ಆಸ್ಪತ್ರೆಗೆ ಸೇರಿಸಿದ ಮೇಲಂತೂ ಬೇರಮ್ಮ ದಿನವೂ ದೊಡ್ಡ ಫ್ಲಾಸ್ಕಿನ ತುಂಬ ಅದನ್ನೇ ಹೊತ್ತು ತಂದಳು. ಅಷ್ಟೊಂದು ಮಾತ್ರೆಗಳ ಕಾವು ಇಳಿಯಬೇಡವೇ?

ನರ್ಸ್ ಒಮ್ಮೆ ಫ್ಲಾಸ್ಕಿನತ್ತ ಬೆರಳು ಮಾಡಿ, "ಅದು ಟೀ ಏನಮ್ಮಾ? ಸಕ್ಕರೆ ಕಮ್ಮಿ ಇರಲಿ" ಎಂದಿದ್ದಳು. "ಒಂದು ಕಾಳು ಸಕ್ಕರೆನೂ ಹಾಕಿಲ್ಲ ಕಣಮ್ಮ" ಎಂದಿದ್ದಳು ಬೇರಮ್ಮ. ಅದೂ ಸತ್ಯವೇ.

ಈಗ ಡಾಕ್ಟರಮ್ಮ ಹೊರಡಲು ತಿರುಗಿದವರು ಕೆಮ್ಮತೊಡಗಿದರು. ಕೆಮ್ಮು ಎಂದರೆ ಎಂಥ ಕೆಮ್ಮು, ಮಂಚದ ಕಂಬಿ ಹಿಡಿದು ನಿಲ್ಲುವಂಥದ್ದು. ಬೇರಮ್ಮನಿಗೆ ತನ್ನ ಗಾಬರಿಯ ನಡುವೆಯೂ ತಡೆಯಲಾಗಲಿಲ್ಲ. ಒಣ ಕೆಮ್ಮು ಕಿವಿಗೆ ಬಿದ್ದರೆ ಅವಳ ಕೈ ತಾನಾಗಿಯೇ ಬೇರು ಹುಡುಕುತ್ತದೆ. ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿಬಿಸಿಯಾಗಿ ಬಗ್ಗಿಸಿ ಮುಂದೆ ಹಿಡಿದಳು.

"ಒಂದು ಗುಟುಕು ಕುಡೀರಿ. ಬೇಡ ಅನ್ಬೇಡಿ. ನಮ್ಮನೇಲಿ ಕುದಿಸಿದ್ದು, ಶುದ್ಧವಾಗಿದೆ."

ಡಾಕ್ಟರಮ್ಮನಿಗೆ ಬೇಡ ಎನ್ನಲು ದನಿಯೇ ಇರಲಿಲ್ಲ. ತೆಗೆದುಕೊಂಡು ಕುಡಿದರು. ಇನ್ನೊಂದು ಗುಟುಕು ಕುಡಿದರು. ಕೆಮ್ಮು ಸ್ವಲ್ಪ ತಗ್ಗಿತು. ಬೇರಮ್ಮನ ಮುಖ ಅರಳಿತು.

"ಎಷ್ಟು ಸಿಹಿ! ಬಸುರಿಗೆ ಇಷ್ಟೊಂದು ಸಕ್ಕರೆ ಹಾಕಿ ಕೊಡ್ತಿದೀರಾ?"

"ಸಕ್ಕರೆ ಎಲ್ಲಿ ಬಂತು? ಒಂದು ಕಾಳೂ ಇಲ್ಲ."

"ಜೇನುತುಪ್ಪ?"

"ಅದೂ ಇಲ್ಲ. ಬೇರಿನ ಸಿಹಿ ಅದು."

ಡಾಕ್ಟರಮ್ಮ ಮುಚ್ಚಳವನ್ನು ತುಟಿಯಿಂದ ದೂರ ಹಿಡಿದು ಅದರೊಳಗೆ ಇಣುಕಿದರು. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಏನನ್ನೋ ನೆನಪಿಸಿಕೊಳ್ಳುವವರ ಹಾಗೆ ಸುಮ್ಮನೆ ನಿಂತರು.

"ಯಾವ ಬೇರು?"

"ಜ್ಯೇಷ್ಠಮಧು."

ಡಾಕ್ಟರಮ್ಮ ಸ್ಟೂಲೊಂದನ್ನು ಎಳೆದುಕೊಂಡು ಕೂತುಬಿಟ್ಟರು. ವಾರ್ಡಿನಲ್ಲಿ ಅವರು ಕೂತಿದ್ದನ್ನು ಯಾರೂ ಕಂಡಿರಲಿಲ್ಲ, ಆಚೆ ಮಂಚದವಳು ಗೋಣು ಚಾಚಿ ನೋಡಿದಳು.

"ದಿನಾ ಕೊಡ್ತೀರಾ? ಎಷ್ಟು ದಿನದಿಂದ?"

"ಐದನೇ ತಿಂಗಳಿಂದ. ಯಾಕೆ ಡಾಕ್ಟರಮ್ಮ? ಅದೇನು ಮಾಡೀತು, ಬರೀ ಬೇರು."

"ಒಂದು ಸಲಕ್ಕೆ ಎಷ್ಟು ಹಾಕ್ತೀರಾ?"

ಬೇರಮ್ಮ ಮುಷ್ಟಿ ಕಟ್ಟಿ ತೋರಿಸಿದಳು. ತೋರಿಸುವಾಗ ಅದರಲ್ಲೊಂದು ಉದಾರತೆಯ ಹೆಮ್ಮೆಯೂ ಇತ್ತು. ನಮ್ಮ ಮನೆಯಲ್ಲಿ ಯಾವುದಕ್ಕೂ ಕೈಬಿಗಿ ಇಲ್ಲ ಎಂಬಂತೆ.

"ಅಮ್ಮಾ, ನಾನು ಆಗಿಂದ ಏನು ಕೇಳ್ತಿದ್ದೆ ನಿಮ್ಮನ್ನ?"

"ಔಷಧಿ ತಗೊಳ್ತಾಳಾ ಅಂತ ಕೇಳಿದ್ರಿ. ಇದು ಔಷಧಿ ಅಲ್ವಲ್ಲ."

"ನಾನು ಕೇಳಿದ್ದೇ ಸರಿ ಇಲ್ಲ," ಎಂದರು ಡಾಕ್ಟರಮ್ಮ, ತಮಗೆ ತಾವೇ ಹೇಳಿಕೊಂಡಂತೆ.

ಆಮೇಲೆ ಅವರು ಒಡೆದ ದನಿಯಲ್ಲಿ ಬಿಡಿಸಿ ಹೇಳಿದ್ದು ಇಷ್ಟು. ಈ ಬೇರಿನ ಸಿಹಿಯಲ್ಲೇ ಒಂದು ಅಂಶವಿದೆ. ಜಾಸ್ತಿ ಹೋದರೆ, ಬಹಳ ದಿನ ಹೋದರೆ, ಅದು ಮೂತ್ರಪಿಂಡಕ್ಕೆ ಸುಳ್ಳು ಹೇಳುತ್ತದೆ: ಉಪ್ಪು ನೀರು ಹಿಡಿದಿಟ್ಟುಕೋ, ಪೊಟ್ಯಾಸಿಯಂ ಹೊರಗೆ ಚೆಲ್ಲು ಅಂತ. ಹಿಡಿದಿಟ್ಟ ನೀರಿನಿಂದ ಮೈ ಊದುತ್ತದೆ, ಬಿ.ಪಿ. ಏರುತ್ತದೆ. ಪೊಟ್ಯಾಸಿಯಂ ಹೋದರೆ ಕೈಕಾಲಿನ ಶಕ್ತಿ ಹೋಗುತ್ತದೆ, ತೀರಾ ಕೆಳಗಿಳಿದರೆ ಹೃದಯದ ಬಡಿತವೇ ತಪ್ಪಬಹುದು. ಹೆಚ್ಚು ತಿಂದ ಬಸುರಿಯರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವೂ ಜಾಸ್ತಿ.

"ಹಾಗಾದ್ರೆ ಎಲ್ಲಾ ನಾನೇ..." ಎಂದಳು ಬೇರಮ್ಮ.

"ಇದೊಂದೇ ಕಾರಣ ಅಂತ ಈಗಲೇ ಆಣೆ ಮಾಡಿ ಹೇಳಕ್ಕಾಗಲ್ಲ. ಬಸುರಿನ ಬಿ.ಪಿ.ನೂ ಜೊತೇಲಿ ಶುರುವಾಗಿರಬಹುದು. ನಿಲ್ಲಿಸಿ ನೋಡಬೇಕು."

"ನಾನು ಮೂರು ಹೆತ್ತಿದೀನಿ, ಡಾಕ್ಟರಮ್ಮ! ಇದನ್ನೇ ಕುಡಿದು ಹೆತ್ತಿದೀನಿ. ನನಗೇನೂ ಆಗಲಿಲ್ಲ. ಅಂಗಡೀಲಿ ದಿನಾ ಮಾರ್ತೀನಿ. ನಮ್ಮಮ್ಮ ಕೊಟ್ಟಿದ್ದು..." ಅವಳ ದನಿ ಜಗಳದ ಹಾಗೆ ಏರಿ, ಹಾಗೇ ಅರ್ಧಕ್ಕೆ ನಿಂತಿತು.

"ನಿಮ್ಮಮ್ಮ ಎಷ್ಟು ಹಾಕ್ತಿದ್ರು?"

ಅಮ್ಮ ಎಷ್ಟು ಹಾಕುತ್ತಿದ್ದಳು? ಬೇರಮ್ಮ ಕಣ್ಣು ಮುಚ್ಚಿ ಆ ಅಡುಗೆಮನೆಗೆ ಹೋಗಿ ನೋಡಿದಳು. ಆಗ ಅಂಗಡಿ ಇರಲಿಲ್ಲ. ಬೇರು ಕೊಂಡು ತರಬೇಕಿತ್ತು, ದುಬಾರಿ. ಅಮ್ಮ ಕಿರುಬೆರಳಷ್ಟು ತುಂಡನ್ನು ಜಜ್ಜಿ ಒಂದು ದೊಡ್ಡ ಪಾತ್ರೆ ನೀರಿಗೆ ಹಾಕಿ, ಮನೆಮಂದಿಗೆಲ್ಲ ಗುಟುಕು ಗುಟುಕು ಹಂಚುತ್ತಿದ್ದಳು. ಮಾರನೆಯ ದಿನ ಅದೇ ತುಂಡನ್ನು ಮತ್ತೆ ಕುದಿಸುತ್ತಿದ್ದಳು. ಅದೂ ಕೆಮ್ಮು ಇದ್ದ ನಾಲ್ಕು ದಿನ ಮಾತ್ರ. ಈಗ ಬೇರಮ್ಮನ ಹತ್ತಿರ ಮೂಟೆಯೇ ಇತ್ತು. ಬಡತನದಲ್ಲಿ ಅಮ್ಮ ಕೊಡಲಾರದ್ದನ್ನು ಅವಳು ಸೊಸೆಗೆ ಮುಷ್ಟಿ ಮುಷ್ಟಿ ಕೊಟ್ಟಿದ್ದಳು.

"ಅಷ್ಟು ಸಣ್ಣ ಪ್ರಮಾಣದ್ದನ್ನೂ ಬಸುರೀಲಿ ಕೇಳದೆ ತಗೋಬಾರದು," ಎಂದರು ಡಾಕ್ಟರಮ್ಮ. "ಒಬ್ಬರಿಗೆ ಏನೂ ಆಗದೇ ಇದ್ರೆ ಇನ್ನೊಬ್ಬರಿಗೂ ಆಗಲ್ಲ ಅಂತಿಲ್ಲ. ಬೇರಿನೊಳಗೂ ಕೆಮಿಕಲ್ಲೇ ಇರೋದು ಅಮ್ಮಾ. ಅದಕ್ಕೆ ಶಕ್ತಿ ಇರೋದ್ರಿಂದ್ಲೇ ತಾನೇ ಎದೆಯುರಿ ಕಮ್ಮಿ ಆಗಿದ್ದು? ಒಳ್ಳೇದು ಮಾಡೋ ಶಕ್ತಿ ಇರೋದು ಕೆಟ್ಟದ್ದನ್ನೂ ಮಾಡಬಹುದು."

ಎದ್ದು ನರ್ಸನ್ನು ಕರೆದು ಎದೆಬಡಿತದ ಗ್ರಾಫ್ ತೆಗೆಸಲು, ಪೊಟ್ಯಾಸಿಯಂ ಡ್ರಿಪ್ಪಿನಲ್ಲಿ ನಿಧಾನವಾಗಿ ಹಾಕಲು ಹೇಳಿದರು. ಬಿ.ಪಿ. ಮಾತ್ರೆ ನಡೆಯಲಿ, ಮಗುವಿನ ಬಡಿತ ನೋಡುತ್ತಿರಿ ಎಂದರು. ಫ್ಲಾಸ್ಕನ್ನು ತಾವೇ ಎತ್ತಿಕೊಂಡು ಹೋದರು.

ಬೇರಮ್ಮ ವರಾಂಡಕ್ಕೆ ಬಂದು ಕಿಟಕಿಯ ಕಟ್ಟೆಗೆ ಒರಗಿ ನಿಂತಳು. ಮಗ ಕೆಲಸದಿಂದ ನೇರ ಓಡಿಬಂದಿದ್ದ. ಎಲ್ಲ ಕೇಳಿ, "ನಿನಗೆ ಗೊತ್ತಿರಲಿಲ್ವಾ ಅಮ್ಮ?" ಎಂದ. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಗೊತ್ತಿರಲಿಲ್ಲ ಎಂದರೆ ಇಷ್ಟು ವರ್ಷ ಅಂಗಡಿಯಲ್ಲಿ ಕೂತಿದ್ದು ಏನು? ಗೊತ್ತಿತ್ತು ಎಂದರೆ ತಾನೆಂಥ ರಾಕ್ಷಸಿ?

ತಲೆಯೊಳಗೆ ಅಂಗಡಿಯ ಡಬ್ಬಗಳೆಲ್ಲ ಒಂದೊಂದಾಗಿ ಮುಚ್ಚಳ ತೆರೆದುಕೊಂಡವು. ಹೋದ ತಿಂಗಳು ನೀಲಿ ಸ್ಕಾರ್ಫಿನ ಬಸುರಿಗೆ ಕೊಟ್ಟ ಪುಡಿಯಲ್ಲಿ ಏನೇನಿತ್ತು? ಬಾಣಂತಿಗೆಂದು ಒಯ್ದದ್ದನ್ನು ಯಾರಾದರೂ ಬಸುರಿಗೆ ಕೊಟ್ಟರೋ ಏನೋ? ಲೋಳೆಸರದ ಗಟ್ಟಿ ಬೇಡ, ಹರಳೆಣ್ಣೆ ಬೇಡ ಎಂದು ಬೈದಳಲ್ಲ, ಅಷ್ಟು ಸರಿಯೇ. ಮಿಕ್ಕ ನೂರೆಂಟರ ವಿಷಯ? ಯಾವುದರ ಮೇಲೆ ನಂಬಿಕೆ ಇಡುವುದು, ಯಾವುದರ ಮೇಲೆ ಬಿಡುವುದು? ಹಾಗಂತ ಎಲ್ಲವೂ ವಿಷವೇ? ಗಂಟಲು ವಾಸಿಯಾಗಿದ್ದು ಸುಳ್ಳಲ್ಲವಲ್ಲ! ಯೋಚಿಸಿದಷ್ಟೂ ತಲೆ ಗಿರ್ರೆನ್ನುತ್ತಿತ್ತು. ದುಃಖ ಒತ್ತರಿಸಿ ಬಂತು, ಜೊತೆಗೆ ಯಾರ ಮೇಲೆಂದು ತಿಳಿಯದ ಸಿಟ್ಟೂ ಬಂತು.

ಮರುದಿನ ಬೆಳಗ್ಗೆ ನರ್ಸ್ ಸೊಸೆಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವಾಗ ಬೇರಮ್ಮ, ಮಗ, ಡಾಕ್ಟರಮ್ಮ ಮೂವರೂ ಮಂಚದ ಸುತ್ತ ನಿಂತಿದ್ದರು. ಬಿ.ಪಿ. ಹೆಚ್ಚೇನೂ ಇಳಿದಿರಲಿಲ್ಲ. ಆದರೆ ಏರಿಯೂ ಇರಲಿಲ್ಲ. ಪೊಟ್ಯಾಸಿಯಂ ಮೊದಲ ಸಲ ಮೇಲಕ್ಕೆ ಬಂದಿತ್ತು. ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು.

"ಇವತ್ತು ತೆಗೆಯಲ್ಲ," ಎಂದರು. "ಈ ಬೇರಿನ ಪ್ರಭಾವ ಮೈಯಿಂದ ಪೂರ್ತಿ ಹೋಗೋಕೆ ವಾರಗಳೇ ಹಿಡಿಯಬಹುದು. ಕಾಯೋಣ. ಆದ್ರೆ ಆಸ್ಪತ್ರೇಲೇ ಇರಬೇಕು, ನನ್ನ ಕಣ್ಣ ಮುಂದೆ."

ಹಾಗೆ ಕಾದರು. ಮರುವಾರ ಮಾತ್ರೆಗೆ ಬಿ.ಪಿ. ಬಗ್ಗತೊಡಗಿತು. ಕಾಲಿನ ಬಾವು ಇಳಿದು ಹಳೆಯ ಚಪ್ಪಲಿ ಹಿಡಿಯಿತು. ಸೊಸೆ ಗೋಡೆ ಹಿಡಿಯದೆ ವರಾಂಡದ ತುದಿಯವರೆಗೆ ನಡೆದು ಬಂದಳು. ಡಾಕ್ಟರಮ್ಮ ಒಂದು ಮಾತ್ರೆ ಕಡಿಮೆ ಮಾಡಿ, ಮಗು ಚೆನ್ನಾಗಿ ಬೆಳೆಯುತ್ತಿದೆ, ಹೀಗೇ ಇದ್ದರೆ ದಿನ ತುಂಬುವವರೆಗೂ ಬಿಡಬಹುದು ಎಂದರು.

ಎಲ್ಲರಿಗೂ ನೆಮ್ಮದಿ. ಬೇರಮ್ಮನೊಬ್ಬಳನ್ನು ಬಿಟ್ಟು. ಅವಳು ದಿನವೂ ಬರುತ್ತಿದ್ದಳು, ಬರಿಗೈಯಲ್ಲಿ. ಸೊಸೆ ಏನು ತಿನ್ನಲು ಹೊರಟರೂ, ಆಸ್ಪತ್ರೆಯದೇ ಬ್ರೆಡ್ಡಾದರೂ ಸರಿ, ನರ್ಸಿನ ಕಡೆ ನೋಡಿ, "ತಿನ್ನಬಹುದಾ?" ಎನ್ನುತ್ತಿದ್ದಳು. ನರ್ಸ್ ನಗುತ್ತಿದ್ದಳು. ಇವಳಿಗೆ ನಗು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಮಂಚದ ಅಂಚಿನಲ್ಲಿ ಕೂತು ಸೊಸೆಯ ಕೂದಲು ಬಾಚುತ್ತ ಅವಳು ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಹೊರಗೆ ಹಾಕಿದಳು.

"ನನ್ನ ಮೇಲೆ ಸಿಟ್ಟಿದ್ರೆ ಹೇಳಿಬಿಡು ಕಣೇ. ಒಳಗೇ ಇಟ್ಕೋಬೇಡ. ನಿನ್ನ ಎದೆ ಉರೀತಿತ್ತಲ್ಲ ಅಂತ ಕೊಟ್ಟೆ. ಅಷ್ಟೇ ಕಣೇ ಇದ್ದಿದ್ದು ನನ್ನ ಮನಸ್ಸಲ್ಲಿ."

ಬಾಚಣಿಗೆ ಎರಡು ಸಲ ಇಳಿದು ಹತ್ತಿತು.

"ಸಿಟ್ಟಿಲ್ಲ ಅತ್ತೆ," ಎಂದಳು ಆಮೇಲೆ, ಮುಖ ತಿರುಗಿಸದೆಯೇ. "ಒಂದು ಮಾತು ಹೇಳಲಾ? ಬೈಬಾರದು. ಎದೆಯುರಿ ಆರನೇ ತಿಂಗಳಲ್ಲೇ ಹೋಗಿತ್ತು."

ಬಾಚಣಿಗೆ ನಿಂತಿತು.

"ಹೋಗಿತ್ತಾ? ಮತ್ತೆ ಯಾಕೆ ಕುಡಿದೆ?"

"ನೀವು ಅಂಗಡಿ ಮುಚ್ಚಿ ಸುಸ್ತಾಗಿ ಬಂದಿರ್ತಿದ್ರಿ. ಬಂದ ತಕ್ಷಣ ಕಾಲೂ ತೊಳೀದೆ ಒಲೆ ಮುಂದೆ ನಿಂತು ಅದನ್ನ ಕುದಿಸ್ತಿದ್ರಿ. ನನ್ನ ಹೆತ್ತಮ್ಮನೂ ನನಗೆ ಅಷ್ಟು ಮಾಡಿರಲಿಲ್ಲ. ಹೆಂಗೆ ಬೇಡ ಅನ್ನಲಿ? ಆ ಸಿಹಿಗೆ ನಂಗೆ ವಾಕರಿಕೆ ಬರ್ತಿತ್ತು ಅತ್ತೆ. ಮೂಗು ಮುಚ್ಕೊಂಡು ಕುಡೀತಿದ್ದೆ."

ಬೇರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನ ಬೇರಿನ ಮೇಲೆ ತಪ್ಪು ಹೊರಿಸಿದಳು, ಮುಷ್ಟಿಯ ಮೇಲೆ ಹೊರಿಸಿದಳು, ಡಾಕ್ಟರಮ್ಮ ಕೇಳಿದ ರೀತಿಯ ಮೇಲೆ ಹೊರಿಸಿದಳು. ಈಗ ನೋಡಿದರೆ, ತನ್ನ ಪ್ರೀತಿಗೆ ಹೆದರಿ ಒಂದು ಹುಡುಗಿ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು, ಮೂಗು ಮುಚ್ಚಿ, ಲೋಟದ ಮೇಲೆ ಲೋಟ ಕುಡಿದಿದ್ದಾಳೆ.

"ಉರಿ ಹೋಯ್ತು ಅತ್ತೆ, ಸಾಕು ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದಳು. ಕೇಳುವಷ್ಟರಲ್ಲಿ ಕಣ್ಣು ತುಂಬಿತ್ತು.

ಸೊಸೆ ಈಗ ಪೂರ್ತಿ ಅವಳ ಕಡೆ ತಿರುಗಿದಳು.

"ನೀವು ಒಂದು ದಿನವಾದ್ರೂ ಕೇಳಿದ್ರಾ ಅತ್ತೆ? ಕುಡಿದೆಯಾ ಅಂತ ಕೇಳ್ತಿದ್ರಿ. ಹೆಂಗಿದೀಯಾ ಅಂತ ಕೇಳಲೇ ಇಲ್ಲ."